ಒಂದೇ ಜಮಖಾನ, ಮೂರು ಕೆಂಪು

ನವಲಗುಂದದ ಜಮಖಾನದ ಬಗ್ಗೆ ನಾವು ಐದು ಮಂದಿ ಸೇರಿ ಹನ್ನೆರಡು ನಿಮಿಷದ ಒಂದು ಸಾಕ್ಷ್ಯಚಿತ್ರ ಮಾಡಿದೆವು. ಶೂಟಿಂಗ್ ಆಗಿದ್ದು ಎರಡೇ ದಿನ. ಒಂದು ದಿನ ಜನವರಿಯ ನಿಚ್ಚಳ ಬಿಸಿಲು, ಇನ್ನೊಂದು ದಿನ ಜುಲೈ ತಿಂಗಳ ದಟ್ಟ ಮೋಡ. ನಡುವಿನ ಆರು ತಿಂಗಳು ಎಲ್ಲಿ ಹೋದವು ಅಂತ ಕೇಳಬ್ಯಾಡ್ರಿ, ಇಂಟರ್ನಲ್ಸ್ ಮತ್ತು ಸೆಮಿಸ್ಟರ್ ಪರೀಕ್ಷೆ ನಿಮಗೂ ಇರ್ತಾವಲ್ಲ. ಕ್ಯಾಮೆರಾ ಮೂರು: ಬಾಡಿಗೆಗೆ ತಂದ ಸೋನಿ ಮಿರರ್‌ಲೆಸ್, ಗೆಳೆಯನೊಬ್ಬನ ಹಳೇ ಕ್ಯಾನನ್ ಡಿಎಸ್‌ಎಲ್‌ಆರ್, ಮತ್ತೆ ಒಂದು ಫೋನ್.

ಜಮಖಾನ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಹತ್ತಿ ನೂಲಿನ ಹಾಸು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕೂತು ಹೆಣ್ಣುಮಕ್ಕಳೇ ನೇಯುತ್ತಾರೆ. ನವಿಲು, ಪಗಡೆ ಹಾಸಿನ ವಿನ್ಯಾಸ, ಕಣ್ಣಿಗೆ ಹೊಡೆಯುವ ಕೆಂಪು, ಹಳದಿ, ಹಸಿರು ಇದರ ಗುರುತು. ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ. ಅಂದ್ರೆ ಇಲ್ಲಿ ಬಣ್ಣ ಬರೀ ಅಲಂಕಾರ ಅಲ್ಲ, ಬಣ್ಣವೇ ಮಾಲು. ಮೊದಲ ದಿನ ಮಧ್ಯಾಹ್ನ ಆವತ್ತಿನ ಫುಟೇಜನ್ನು ಲ್ಯಾಪ್‌ಟಾಪಿಗೆ ಹಾಕಿ ನೇಯುವ ಅಕ್ಕಾರಿಗೆ ತೋರಿಸಿದಾಗ, ಕ್ಯಾನನ್ನಿನ ಶಾಟ್ ಬರುತ್ತಿದ್ದಂತೆ ಅವರು ಅಂದರು: “ಈ ಕೆಂಪು ನಂದಲ್ರೀ. ಇದು ಅಗದೀ ಸುಟ್ಟ ಇಟ್ಟಂಗಿ ಬಣ್ಣ ಆಗೇತಿ.” ಆಮೇಲೆ ಒಳಗೆ ಹೋಗಿ ತಾವು ಬಳಸುವ ಕೆಂಪು ನೂಲಿನ ಒಂದು ಸಣ್ಣ ಲಡಿ ತಂದು ನಮ್ಮ ಕೈಗೆ ಕೊಟ್ಟರು. ಈ ಲೇಖನದಲ್ಲಿ ಹೇಳಬೇಕಾಗಿರುವುದರ ಅರ್ಧ ಆ ಲಡಿಯಲ್ಲೇ ಇದೆ.

ಒಂದೇ ಜಮಖಾನವನ್ನು ದೂರದಿಂದ ಒಂದು ಕ್ಯಾಮೆರಾದಲ್ಲಿ, ಹತ್ತಿರದಿಂದ ಇನ್ನೊಂದರಲ್ಲಿ ತೆಗೆದು ಎರಡನ್ನೂ ಒಂದರ ಪಕ್ಕ ಒಂದು ಜೋಡಿಸಿದಾಗ ಕೆಂಪು ಬದಲಾದರೆ, ನೋಡುವವನಿಗೆ ಅದು ಬೇರೆ ಜಮಖಾನ ಅನಿಸುತ್ತದೆ. ಕಾರಣ ಅವನಿಗೆ ಗೊತ್ತಾಗುವುದಿಲ್ಲ, ಆದರೆ ಕಣ್ಣು ಮುಗ್ಗರಿಸುತ್ತದೆ. ಇದನ್ನು ಸರಿಮಾಡುವುದಕ್ಕೆ ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಬಣ್ಣ ಬದಲಾಗಲು ಮೂರು ಬೇರೆ ಬೇರೆ ಕಾರಣಗಳಿವೆ. ಬೆಳಕು ಬದಲಾಗಿರುತ್ತದೆ. ಬೆಳಕನ್ನು ಅಂಕಿಯಾಗಿ ಬರೆಯುವ ರೀತಿ, ಅಂದರೆ ಕ್ಯಾಮೆರಾದ ಕರ್ವ್, ಬೇರೆ ಇರುತ್ತದೆ. ಮತ್ತೆ ಸೆನ್ಸರ್ ಮುಂದಿನ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳೇ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತವೆ. ಮೂರಕ್ಕೂ ಔಷಧ ಬೇರೆ. ಒಂದೇ ಸ್ಲೈಡರ್ ಎಳೆದಾಡಿ ಮೂರನ್ನೂ ಗುಣಮಾಡುತ್ತೇನೆ ಅಂದರೆ ರಾತ್ರಿಯಿಡೀ ಕೂತರೂ ಮುಗಿಯದು.

ಮೊದಲು ಬೆಳಕು. ನವಲಗುಂದದ ಸುತ್ತ ಎರೆ ಮಣ್ಣಿನ ಬಯಲು, ಅಡ್ಡ ಬರುವ ಗಿಡಮರ ಕಡಿಮೆ. ಜನವರಿಯಲ್ಲಿ ನೆತ್ತಿಯ ಹೊತ್ತು ಅಂದರೆ ಸುಮಾರು ಹನ್ನೆರಡೂವರೆ. ಆಗಲೂ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಐವತ್ತು ಡಿಗ್ರಿ ಆಸುಪಾಸಿನಲ್ಲೇ ಇರುತ್ತಾನೆ. ದಕ್ಷಿಣಕ್ಕೆ ಬಾಗಿಲಿರುವ ಮನೆಯಲ್ಲಿ ಬಿಸಿಲು ನೇರ ಒಳಗೆ ಬರುತ್ತದೆ, ಬೆಳಕು ಹಳದಿ ಬಿಳಿ, ನೆರಳು ಗಟ್ಟಿ. ಜುಲೈ ತಿಂಗಳಲ್ಲಿ ಅದೇ ಹೊತ್ತಿಗೆ ಸೂರ್ಯ ನೆತ್ತಿಯನ್ನೂ ದಾಟಿ ಸ್ವಲ್ಪ ಉತ್ತರಕ್ಕೆ ಇರುತ್ತಾನೆ, ಮೇಲೆ ಮೋಡ. ಬಾಗಿಲಿನಿಂದ ಒಳಗೆ ಬರುವುದು ಬಿಸಿಲಲ್ಲ, ಆಕಾಶದ ಬೆಳಕು. ಅದು ನೀಲಿ ಕಡೆಗೆ ವಾಲಿರುತ್ತದೆ, ಪ್ರಮಾಣವೂ ಕಡಿಮೆ.

ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಇದನ್ನು ತಾನೇ ಸರಿಮಾಡುತ್ತದಲ್ಲ ಅಂತ ಕೇಳಬಹುದು. ಜಮಖಾನದ ಮುಂದೆ ಅದರ ಆಟ ನಡೆಯುವುದಿಲ್ಲ. ಫ್ರೇಮ್ ತುಂಬ ಕೆಂಪು ಕಂಡರೆ ‘ಬೆಳಕೇ ಕೆಂಪಾಗಿದೆ’ ಎಂದು ತಿಳಿದು ಆಟೋ ಅದನ್ನು ನೀಲಿ ಹಸಿರಿನ ಕಡೆ ಎಳೆಯುತ್ತದೆ. ಕ್ಯಾಮೆರಾ ಮೆಲ್ಲಗೆ ಹಳದಿ ಅಂಚಿನ ಕಡೆ ತಿರುಗಿದರೆ ಒಂದೇ ಶಾಟ್‌ನ ಒಳಗೇ ಬಣ್ಣ ಜಾರುತ್ತದೆ. ಬೇರೆ ಬೇರೆ ಶಾಟ್‌ಗಳ ನಡುವಿನ ವ್ಯತ್ಯಾಸವನ್ನು ಒಂದು ಗುಣಾಕಾರದಲ್ಲಿ ಸರಿಮಾಡಬಹುದು. ಶಾಟ್‌ನ ಒಳಗೆ ಜಾರಿದ ಬಣ್ಣವನ್ನು ಹಿಡಿಯಲು ಫ್ರೇಮ್ ಫ್ರೇಮಿಗೂ ಕೀಫ್ರೇಮ್ ಹಾಕುತ್ತಾ ಕೂರಬೇಕು. ಹಾಗಾಗಿ ಮೂರೂ ಕ್ಯಾಮೆರಾಗಳಲ್ಲಿ, ಎರಡೂ ದಿನ, ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್‌ಗೆ ಬಿಗಿದು ಇಟ್ಟೆವು. ಮೋಡದ ದಿನ ಎಲ್ಲವೂ ನೀಲಿ ಕಾಣುತ್ತದೆ, ಕಾಣಲಿ. ಎಷ್ಟು ನೀಲಿ ಅನ್ನುವುದು ಸ್ಥಿರವಾಗಿದ್ದರೆ ಸಾಕು. ಫೋನ್‌ನಲ್ಲಿ ಮಾಮೂಲಿ ಕ್ಯಾಮೆರಾ ಆ್ಯಪ್ ಇದಕ್ಕೆ ಬಿಡುವುದಿಲ್ಲ. ಪುಕ್ಕಟೆ ಸಿಗುವ Blackmagic Camera ಆ್ಯಪ್‌ನಲ್ಲಿ ಕೆಲ್ವಿನ್, ಐಎಸ್‌ಒ, ಶಟರ್ ಮೂರನ್ನೂ ಲಾಕ್ ಮಾಡಬಹುದು.

ಇನ್ನು ಪ್ರತಿ ಸೆಟಪ್‌ನ ಮೊದಲಿಗೆ ಮೂರು ಸೆಕೆಂಡ್ ಗ್ರೇ ಕಾರ್ಡ್. ಬಿದ್ದ ಬೆಳಕಿನಲ್ಲಿ 18 ಪರ್ಸೆಂಟ್ ಮರಳಿಸುವ ಬೂದು ಬಣ್ಣದ ಹಲಗೆ ಅದು. ಅದನ್ನು ಕ್ಯಾಮೆರಾ ಹತ್ತಿರ ಹಿಡಿಯಬಾರದು, ಮಗ್ಗದ ಹತ್ತಿರ, ಜಮಖಾನಕ್ಕೆ ಬೀಳುವ ಬೆಳಕೇ ಅದರ ಮೇಲೂ ಬೀಳುವಂತೆ ಹಿಡಿಯಬೇಕು. ಅಕ್ಕಾರು ಕೊಟ್ಟ ನೂಲಿನ ಲಡಿಯನ್ನು ಆ ಕಾರ್ಡಿನ ಪಕ್ಕದಲ್ಲೇ ಇಟ್ಟು ತೆಗೆದೆವು. ಕಾರ್ಡ್ ಬೆಳಕಿನ ಲೆಕ್ಕ ಹೇಳುತ್ತದೆ, ಲಡಿ ಬಣ್ಣದ ಲೆಕ್ಕ ಹೇಳುತ್ತದೆ. ಇಪ್ಪತ್ನಾಲ್ಕು ಬಣ್ಣದ ಕಲರ್ ಚೆಕರ್ ಚಾರ್ಟ್ ಇದ್ದರೆ ಇನ್ನೂ ಛಲೋ, ಆದರೆ ಅದರ ಬೆಲೆ ನಮ್ಮ ಊಟದ ಖರ್ಚಿಗಿಂತ ಜಾಸ್ತಿ ಇತ್ತು.

ಕಾರ್ಡ್ ಇಲ್ಲದಿದ್ದರೆ ಗ್ವಾಡಿಯ ಸುಣ್ಣವನ್ನೋ ಯಾರದೋ ಬಿಳಿ ಧೋತರವನ್ನೋ ನೋಡಿ ಬ್ಯಾಲೆನ್ಸ್ ಮಾಡುವ ರೂಢಿ ಇದೆ. ಧೋತರ ನಂಬಬ್ಯಾಡ್ರಿ. ಅದಕ್ಕೆ ನೀಲಿ ಹಾಕಿರುತ್ತಾರೆ. ಅದರ ಮೇಲೆ ಸೋಪಿನ ಪುಡಿಯ ಬಿಳುಪುಕಾರಕಗಳು ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿಯಾಗಿ ವಾಪಸ್ ಬಿಡುತ್ತವೆ. ಹೊರಗಿನ ಬೆಳಕಿನಲ್ಲಿ ಆ ನೀಲಿ ಹೆಚ್ಚು, ಮನೆಯೊಳಗೆ ಎಲ್‌ಇಡಿ ಕೆಳಗೆ ಕಡಿಮೆ. ಅಂದರೆ ನಿಮ್ಮ ಅಳತೆಗೋಲೇ ಬೆಳಕಿನ ಜೊತೆ ಉದ್ದ ಗಿಡ್ಡ ಆಗುತ್ತದೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಶೂಟ್ ಮಾಡುವವರಿಗೆ ಅಲ್ಲಿನ ಬಳಪದ ಕಲ್ಲು ಒಳ್ಳೇ ಬೂದು ಬಣ್ಣದ್ದು ಅನಿಸಬಹುದು. ಈ ಜಾತಿಯ ಕಲ್ಲಿನಲ್ಲಿ ಹಸಿರು ಛಾಯೆ ಸೇರಿರುವುದುಂಟು. ಕಲ್ಲನ್ನು ಬೂದು ಮಾಡಲು ಹೋದರೆ ಅದರ ಮುಂದೆ ನಿಂತ ಪೂಜಾರಪ್ಪನ ಮುಖ ಗುಲಾಬಿ ಆಗುತ್ತದೆ.

ಈಗ ಎಡಿಟ್ ಟೇಬಲ್ಲಿಗೆ ಬರೋಣ. ನಾವು ಬಳಸಿದ್ದು DaVinci Resolve, ಪುಕ್ಕಟೆ ಆವೃತ್ತಿ. ಸೋನಿಯಲ್ಲಿ S-Log3 ಪ್ರೊಫೈಲ್‌ನಲ್ಲಿ ತೆಗೆದಿದ್ದರಿಂದ ಫುಟೇಜ್ ಮಸುಕಾಗಿ, ಜೀವ ಇಲ್ಲದಂತೆ ಕಾಣುತ್ತದೆ. ಆದರೆ ಅದರ ಅಂಕಿಗಳಿಗೂ ನಿಜವಾದ ಬೆಳಕಿಗೂ ಇರುವ ಸಂಬಂಧವನ್ನು ಸೋನಿ ಕಂಪನಿ ಸೂತ್ರವಾಗಿಯೇ ಪ್ರಕಟಿಸಿದೆ. ಹತ್ತು ಬಿಟ್‌ನ 0 ದಿಂದ 1023 ರ ಅಳತೆಯಲ್ಲಿ 18 ಪರ್ಸೆಂಟ್ ಬೂದು ಸರಿಯಾದ ಎಕ್ಸ್‌ಪೋಷರ್‌ನಲ್ಲಿ 420 ಕ್ಕೆ ಕೂರಬೇಕು. ಜನವರಿಯ ಬಾಗಿಲ ಬಳಿಯ ಶಾಟ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರೂ 420 ರ ಆಸುಪಾಸಿನಲ್ಲೇ ಇದ್ದವು. ಅದನ್ನೇ ನಾವು ಆಧಾರ ಶಾಟ್ ಅಂತ ಇಟ್ಟುಕೊಂಡೆವು. ಜುಲೈ ದಿನದ ಅದೇ ಜಾಗದ ಶಾಟ್‌ನಲ್ಲಿ ಕಾರ್ಡಿನ ಮೇಲೆ ಪಿಕರ್ ಇಟ್ಟಾಗ ಬಂದ ಅಂಕಿ: ಕೆಂಪು 358, ಹಸಿರು 368, ನೀಲಿ 385. ವ್ಯೂವರ್ ಮೇಲೆ ರೈಟ್ ಕ್ಲಿಕ್ ಮಾಡಿ Show Picker RGB Value ಆರಿಸಿದರೆ ಈ ಅಂಕಿ ಕಾಣುತ್ತವೆ. ನೋಯ್ಸ್ ಇರುವುದರಿಂದ ಕಾರ್ಡಿನ ನಾಲ್ಕೈದು ಕಡೆ ಓದಿ ಸರಾಸರಿ ತೆಗೆಯಬೇಕು.

ಇಲ್ಲಿ ನಮ್ಮ ಎಂಜಿನಿಯರಿಂಗ್ ಗಣಿತ ಕೆಲಸಕ್ಕೆ ಬರುತ್ತದೆ. ಬೆಳಕು ಬದಲಾಗುವುದು ಅಂದರೆ ಗುಣಾಕಾರ. ಮೋಡ ಬಂದು ಕೆಂಪು ಬೆಳಕು ಅರ್ಧ ಆದರೆ ದೃಶ್ಯದಲ್ಲಿರುವ ಪ್ರತಿ ವಸ್ತುವಿನ ಕೆಂಪೂ ಅರ್ಧ ಆಗುತ್ತದೆ, ಜಮಖಾನದ್ದೂ, ಗ್ವಾಡಿಯದ್ದೂ, ಕೈಯದ್ದೂ. ಹಾಗಾಗಿ ಲೀನಿಯರ್ ಅಂಕಿಗಳ ಮೇಲೆ ಮೂರು ಚಾನೆಲ್‌ಗೆ ಮೂರು ಗುಣಕ ಹಾಕಿದರೆ ಬೆಳಕಿನ ವ್ಯತ್ಯಾಸ ಪೂರ್ತಿ ಹೋಗುತ್ತದೆ. ಲಾಗ್ ಅಂಕಿಗಳ ಮೇಲೆ ನೇರ ಗುಣಿಸಿದರೆ ಹೋಗುವುದಿಲ್ಲ, ಯಾಕಂದ್ರೆ ಲಾಗ್‌ನಲ್ಲಿ ಗುಣಾಕಾರ ಸಂಕಲನ ಆಗಿಬಿಟ್ಟಿರುತ್ತದೆ. ಅದಕ್ಕೇ ಲಾಗ್ ಫುಟೇಜ್ ಮೇಲೆ ಅನುಭವಿಗಳು ಗೇನ್ ಚಕ್ರ ಮುಟ್ಟದೆ ಆಫ್‌ಸೆಟ್ ಚಕ್ರ ತಿರುಗಿಸುವುದು. ಕಡು ನೆರಳನ್ನು ಬಿಟ್ಟರೆ ಅದೂ ಸರಿಯಾದ ದಾರಿಯೇ. ನಮಗೆ ಅಂಕಿ ಬೇಕಿತ್ತು, ಲೀನಿಯರ್‌ಗೆ ಹೋದೆವು:

```python
def linear(c):
    return 0.19 * 10 ** ((c - 420) / 261.5) - 0.01

for c in (358, 368, 385):
    print(round(0.18 / linear(c), 2))
```

ಉತ್ತರ 1.80, 1.63, 1.39. ಇದನ್ನು ಹೀಗೆ ಓದಿಕೊಳ್ಳಿ. ಹಸಿರಿನ 1.63 ಅಂದರೆ ಶಾಟ್ ಒಟ್ಟಾರೆ ಸುಮಾರು 0.7 ಸ್ಟಾಪ್ ಕತ್ತಲಾಗಿದೆ, ಯಾಕಂದ್ರೆ ಒಂದು ಸ್ಟಾಪ್ ಅಂದರೆ ಎರಡು ಪಟ್ಟು. ಹಸಿರಿಗೆ ಹೋಲಿಸಿದರೆ ಕೆಂಪಿಗೆ 1.10 ಪಟ್ಟು ಹೆಚ್ಚು ಬೇಕು, ನೀಲಿಗೆ 0.85 ಪಟ್ಟು ಸಾಕು. ಅದು ಮೋಡದ ನೀಲಿಯ ಲೆಕ್ಕ. Resolve ಒಳಗೆ ಇದನ್ನು ಹಾಕಲು ಮೂರು ನೋಡ್. ಮೊದಲನೆಯದು S-Log3 ದಿಂದ ಲೀನಿಯರ್‌ಗೆ ತರುವ Color Space Transform, ನಡುವೆ ಗೇನ್ ನೋಡ್, ಕೊನೆಗೆ ಲೀನಿಯರ್‌ನಿಂದ ವಾಪಸ್ S-Log3 ಗೆ ಒಯ್ಯುವ ಇನ್ನೊಂದು Color Space Transform. ಈ ಎರಡರಲ್ಲೂ ಟೋನ್ ಮ್ಯಾಪಿಂಗ್ None ಇರಬೇಕು, ಇಲ್ಲದಿದ್ದರೆ ಅದು ತನ್ನದೇ ಕರ್ವ್ ಸೇರಿಸಿ ಲೆಕ್ಕ ಕೆಡಿಸುತ್ತದೆ.

ಲಡಿ ಏನು ಹೇಳಿತು ನೋಡೋಣ. ಆಧಾರ ಶಾಟ್‌ನಲ್ಲಿ ನೂಲಿನ ಲೀನಿಯರ್ ಅಂಕಿ ಕೆಂಪು 0.30, ಹಸಿರು 0.04, ನೀಲಿ 0.03. ಜುಲೈನಲ್ಲಿ 0.168, 0.025, 0.022. ಗುಣಕ ಹಾಕಿದ ಮೇಲೆ 0.302, 0.041, 0.031. ಕೂತಿತು. ಕಾರ್ಡಿನಿಂದ ತೆಗೆದ ಗುಣಕ ಲಡಿಯನ್ನೂ ಸರಿಮಾಡಿತು ಅಂದರೆ, ಒಂದೇ ಕ್ಯಾಮೆರಾ ಆಗಿದ್ದರಿಂದ ಬೆಳಕೊಂದೇ ಬದಲಾಗಿತ್ತು ಅಂತಾಯಿತು. ಕಣ್ಣಳತೆಯಲ್ಲಿ ಮಾಡಿದ್ದರೆ ಇಷ್ಟು ಖಾತ್ರಿಯಾಗಿ ಹೇಳಲಿಕ್ಕೆ ಆಗುತ್ತಿರಲಿಲ್ಲ.

ಕ್ಯಾನನ್ ಶಾಟ್‌ಗಳ ಕಥಿ ಬ್ಯಾರೆ. ಆ ಹಳೇ ಡಿಎಸ್‌ಎಲ್‌ಆರ್‌ನಲ್ಲಿ ಲಾಗ್ ಇಲ್ಲ. ಎಂಟು ಬಿಟ್‌ನ ಫೈಲಿನಲ್ಲಿ ಕಾಂಟ್ರಾಸ್ಟ್ ಕರ್ವ್ ಆಗಲೇ ಬೇಯಿಸಿ ಬಿಟ್ಟಿರುತ್ತದೆ. ಕರ್ವ್‌ನ ಮೇಲ್ತುದಿ ಬಾಗಿರುತ್ತದೆ, ಹೆಚ್ಚು ಬೆಳಕಿರುವ ಕಡೆ ಅಂಕಿಗಳು ಒತ್ತಿಕೊಂಡಿರುತ್ತವೆ. ಸಾಧ್ಯವಿದ್ದಷ್ಟು ಹಾನಿ ತಪ್ಪಿಸಲು ಶೂಟಿಂಗ್ ವೇಳೆಗೇ ಪಿಕ್ಚರ್ ಸ್ಟೈಲ್ Neutral ಇಟ್ಟು ಕಾಂಟ್ರಾಸ್ಟ್ ಪೂರ್ತಿ ಇಳಿಸಿದ್ದೆವು. ಆಮೇಲೆ ಇದನ್ನು Rec.709 ಎಂದು ಹೇಳಿ ಸೋನಿಯ S-Gamut3.Cine ಮತ್ತು S-Log3 ಗೆ ಪರಿವರ್ತಿಸಿದೆವು. ಇಡೀ ಚಿತ್ರಕ್ಕೆ ಒಂದೇ ಮನೆಭಾಷೆ ಇರಲಿ ಎಂದು ಹಾಗೆ ಮಾಡಿದ್ದು, ಹೆಚ್ಚು ಶಾಟ್ ಸೋನಿಯವೇ ಇದ್ದುದರಿಂದ ಆ ಭಾಷೆ ಸೋನಿಯದ್ದು. ಈ ಪರಿವರ್ತನೆ ಗ್ರೂಪ್‌ನ Group Pre-Clip ನಲ್ಲಿ ಕೂತರೆ ಕ್ಯಾನನ್‌ನ ಎಲ್ಲ ಶಾಟ್‌ಗೂ ಒಂದೇ ಸಲ ಬೀಳುತ್ತದೆ. ಒಂದೊಂದು ಶಾಟ್‌ನ ಗುಣಕ Clip ನಲ್ಲಿ, ಪರದೆಗೆ ತರುವ ಕೊನೆಯ ಪರಿವರ್ತನೆ Timeline ನಲ್ಲಿ.

ಆದರೆ Rec.709 ಎನ್ನುವುದು ಇಲ್ಲಿ ಅಂದಾಜು ಮಾತ್ರ. ಕ್ಯಾನನ್ ಹಾಕಿದ ನಿಜವಾದ ಕರ್ವ್ ಅದಲ್ಲ. ಪರಿಣಾಮ ಹೇಗೆ ತಿಳಿಯುತ್ತದೆ? ಕಾರ್ಡ್ ಸರಿಯಾಗಿ ಬೂದಾಗುತ್ತದೆ, ಆದರೆ ಬಾಗಿಲ ಬಳಿಯ ಬಿಸಿಲು ಬಿದ್ದ ಸುಣ್ಣದ ಗ್ವಾಡಿ ನಸುಗುಲಾಬಿ, ಮೂಲೆಯ ಕರಿ ನೂಲು ನಸುಹಸಿರು. ಪರೇಡ್ ಸ್ಕೋಪ್‌ನಲ್ಲಿ ನೋಡಿದರೆ ಮೂರು ಚಾನೆಲ್‌ಗಳು ನಡುವೆ ಒಂದೇ ಎತ್ತರದಲ್ಲಿದ್ದು ಮೇಲೆ ಮತ್ತು ಕೆಳಗೆ ಬಿಚ್ಚಿಕೊಂಡಿರುತ್ತವೆ. ಇದಕ್ಕೆ ಇನ್ನೊಂದು ಗುಣಕ ಹಾಕಿ ಉಪಯೋಗವಿಲ್ಲ, ನಡುವೆ ಸರಿಯಿದ್ದದ್ದೂ ಕೆಡುತ್ತದೆ. ಚಾನೆಲ್ ಕರ್ವ್ ತೆಗೆದು ನಡುವೆ ಒಂದು ಬಿಂದು ಬಿಗಿದು, ಮೇಲಿನ ತುದಿಯನ್ನೂ ಕೆಳಗಿನ ತುದಿಯನ್ನೂ ಬೇರೆ ಬೇರೆ ಸರಿಸಬೇಕು. ಗ್ವಾಡಿಯ ಅಂಕಿ ಒಂದು ಚಾನೆಲ್‌ನಲ್ಲಿ ಗರಿಷ್ಠಕ್ಕೇ ಅಂಟಿಕೊಂಡಿದ್ದರೆ ಅಲ್ಲಿಗೆ ಕೈ ಬಿಡ್ರಿ. ಅಲ್ಲಿ ಬರೆದಿಟ್ಟ ಮಾಹಿತಿಯೇ ಇಲ್ಲ. ಆ ಜಾಗದ ಸ್ಯಾಚುರೇಷನ್ ಇಳಿಸಿ ಬರೀ ಬಿಳಿ ಮಾಡುವುದೊಂದೇ ದಾರಿ.

ಇಷ್ಟಾದರೂ ಇಟ್ಟಂಗಿ ಬಣ್ಣ ಹೋಗಲಿಲ್ಲ. ಕಾರ್ಡ್ ಬೂದು, ಗ್ವಾಡಿ ಬಿಳಿ, ಲಡಿ ಮಾತ್ರ ಕಿತ್ತಳೆ ಕಡೆಗೆ. ಲೀನಿಯರ್ ಅಂಕಿ ಕೆಂಪು 0.31, ಹಸಿರು 0.065, ನೀಲಿ 0.03. ಹಸಿರು ಇರಬೇಕಾದ್ದು 0.04 ರ ಹತ್ತಿರ. ಇದು ಮೂರನೇ ಕಾರಣ. ಈ ಕ್ಯಾಮೆರಾದ ಹಸಿರು ಚಾನೆಲ್ಲು ಈ ನೂಲಿನ ಕೆಂಪಿನಲ್ಲಿ ಸ್ವಲ್ಪವನ್ನು ತನ್ನದೆಂದು ಲೆಕ್ಕ ಹಾಕಿಕೊಂಡಿದೆ. ಹಸಿರಿನ ಗೇನ್ ಇಳಿಸಿದರೆ ಲಡಿ ಸರಿಹೋಗುತ್ತದೆ, ಕಾರ್ಡ್ ಕೆಡುತ್ತದೆ. ಬೇಕಾಗಿರುವುದು ಬೂದನ್ನು ಮುಟ್ಟದೆ ಕೆಂಪನ್ನಷ್ಟೇ ಸರಿಸುವ ಉಪಾಯ.

ಗುಣಕ ಅಂದರೆ ಕರ್ಣದಲ್ಲಷ್ಟೇ ಅಂಕಿಗಳಿರುವ 3×3 ಮ್ಯಾಟ್ರಿಕ್ಸ್. ಈಗ ಕರ್ಣದ ಹೊರಗಿನ ಜಾಗಗಳೂ ಬೇಕು. Resolve ನ RGB Mixer ಅಂದರೆ ಅದೇ ಮ್ಯಾಟ್ರಿಕ್ಸ್. ಹೊಸ ಹಸಿರನ್ನು ಹೀಗೆ ಬರೆದೆವು:

```
G' = 1.09 G - 0.09 R
```

ಗುಣಾಂಕಗಳನ್ನು ಕೂಡಿಸಿ ನೋಡ್ರಿ, 1.09 ರಲ್ಲಿ 0.09 ಕಳೆದರೆ 1. ಬೂದಿನಲ್ಲಿ R, G ಎರಡೂ ಸಮ ಇರುವುದರಿಂದ G' ಕೂಡ G ಯೇ ಆಗುತ್ತದೆ, ಕಾರ್ಡ್ ಅಲುಗಾಡುವುದಿಲ್ಲ. ಲಡಿಗೆ ಹಾಕಿದರೆ 1.09 × 0.065 − 0.09 × 0.31, ಅಂದರೆ 0.043. ಇಟ್ಟಂಗಿ ಹೋಗಿ ಜಮಖಾನದ ಕೆಂಪು ಬಂತು. ಸಾಲಿನ ಮೊತ್ತ ಒಂದು ಇರಬೇಕು ಅನ್ನುವ ಈ ಒಂದು ನಿಯಮ ನೆನಪಿದ್ದರೆ ಮಿಕ್ಸರ್‌ನಲ್ಲಿ ಎಷ್ಟು ಆಟ ಆಡಿದರೂ ಬ್ಯಾಲೆನ್ಸ್ ತಪ್ಪುವುದಿಲ್ಲ. ಅಲ್ಲಿರುವ Preserve Luminance ಗುರುತನ್ನು ಮಾತ್ರ ತೆಗೆದಿರಬೇಕು, ಅದು ಇದ್ದರೆ ನೀವು ಕೊಟ್ಟ ಅಂಕಿಯನ್ನು ಅದು ಮತ್ತೆ ತಿದ್ದುತ್ತದೆ. ಮಿಕ್ಸರ್ ಕೂತಿದ್ದೂ ಗೇನ್ ಕೂತಲ್ಲೇ, ಎರಡು ಪರಿವರ್ತನೆಗಳ ನಡುವಿನ ಲೀನಿಯರ್ ಜಾಗದಲ್ಲಿ.

ಮ್ಯಾಟ್ರಿಕ್ಸ್ ಕೆಂಪು ನೂಲನ್ನಷ್ಟೇ ಹುಡುಕಿ ಬದಲಿಸುವುದಿಲ್ಲ, ಫ್ರೇಮಿನಲ್ಲಿರುವ ಎಲ್ಲದರ ಮೇಲೂ ಬೀಳುತ್ತದೆ. ಹಾಗಾಗಿ ಮೈಬಣ್ಣ ನೋಡಬೇಕು. ಕೈ ಮೇಲಿನ ಅಂಕಿ 0.25, 0.15, 0.10 ಇತ್ತು ಅಂದುಕೊಳ್ಳಿ. ಹೊಸ ಹಸಿರು 0.141. ಆರು ಪರ್ಸೆಂಟ್ ಇಳಿಕೆ, ಕೈ ಒಂದಿಷ್ಟು ಕೆಂಪೇರಿತು. ಇದು ಸೋನಿಯ ಶಾಟ್‌ನ ಕೈಗೆ ಹತ್ತಿರ ಬಂದಿದ್ದರೆ ಒಳ್ಳೆಯದು, ನಮ್ಮಲ್ಲಿ ಹತ್ತಿರವೇ ಬಂತು. ದೂರ ಹೋಗಿದ್ದರೆ ಮ್ಯಾಟ್ರಿಕ್ಸ್ ಅರ್ಧಕ್ಕೆ ನಿಲ್ಲಿಸಿ ಉಳಿದದ್ದನ್ನು ಕ್ವಾಲಿಫೈಯರ್‌ನಲ್ಲಿ ಜಮಖಾನದ ಕೆಂಪನ್ನಷ್ಟೇ ಆರಿಸಿ ಮಾಡಬೇಕಾಗುತ್ತಿತ್ತು. ಕ್ವಾಲಿಫೈಯರ್ ನಮ್ಮ ಮೊದಲ ಆಯ್ಕೆ ಅಲ್ಲ. ಎಂಟು ಬಿಟ್ ಫುಟೇಜ್‌ನಲ್ಲಿ ಅದರ ಅಂಚು ಗೆದ್ದಲು ತಿಂದ ಹಾಗೆ ಕಾಣುತ್ತದೆ, ಕೈ ಆಡಿದಾಗ ಮಿಣಮಿಣ ಅನ್ನುತ್ತದೆ.

ಫೋನ್ ಶಾಟ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಕ್ಸ್‌ಪೋಷರ್ ಲಾಕ್ ಮಾಡಿದರೂ ಅನೇಕ ಫೋನ್‌ಗಳು ಫ್ರೇಮಿನ ನೆರಳಿನ ಭಾಗವನ್ನೇ ಬೇರೆ, ಬೆಳಕಿನ ಭಾಗವನ್ನೇ ಬೇರೆ ಎತ್ತಿ ಇಳಿಸುತ್ತವೆ. ಒಂದೇ ಜಮಖಾನದ ಎರಡು ತುದಿಗೆ ಎರಡು ಕರ್ವ್ ಬಿದ್ದಿದ್ದರೆ ಯಾವ ಒಂದು ಮ್ಯಾಟ್ರಿಕ್ಸೂ ಅದನ್ನು ಹಿಡಿಯಲಾರದು. ಹಂಗಾಗಿ ಫೋನ್ ಶಾಟ್‌ಗಳನ್ನು ಜಮಖಾನ ಕಾಣದ ಕಡೆ ಮಾತ್ರ ಇಟ್ಟೆವು: ಬಸ್‌ಸ್ಟ್ಯಾಂಡ್, ಪ್ಯಾಟಿ, ಓಣಿ.

ಬೆಳಕಿನ ವಿಷಯದಲ್ಲಿ ಗ್ರೇಡಿಂಗ್‌ಗೆ ನೀಗದ ಇನ್ನೊಂದು ಕೆಲಸ ಇದೆ. ಮಗ್ಗದ ಕೋಣೆಯಲ್ಲಿ ಬಾಗಿಲ ಬೆಳಕು ಒಂದು ಕಡೆಯಿಂದ, ಎಲ್‌ಇಡಿ ಟ್ಯೂಬ್ ಮೇಲಿನಿಂದ. ಬಾಗಿಲ ಬಳಿ ಹಿಡಿದ ಕಾರ್ಡಿನ ಗುಣಕ ಮೂಲೆಗೆ ಹೊಂದುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಅಗ್ಗದ ಎಲ್‌ಇಡಿಗಳಲ್ಲಿ ಕಡುಗೆಂಪು ತರಂಗಾಂತರಗಳೇ ಕಡಿಮೆ. ನೂಲಿಗೆ ಮರಳಿಸಲು ಕೆಂಪು ಸಿಗದಿದ್ದರೆ ಅದು ಏನನ್ನು ಮರಳಿಸೀತು? ಆ ಶಾಟ್‌ನಲ್ಲಿ ಕಾರ್ಡ್ ಪೂರ್ತಿ ಬೂದಾಗಿದ್ದರೂ ಕೆಂಪು ಸತ್ತಂತಿರುತ್ತದೆ. ಬಿಸಿಲಿನಲ್ಲಿ ಒಂದೇ ಕಂಡ ಎರಡು ಬೇರೆ ಬಣ್ಣದ ಅದ್ದಿಕೆಯ ನೂಲು ಎಲ್‌ಇಡಿ ಕೆಳಗೆ ಬೇರೆ ಬೇರೆ ಕಾಣುವುದೂ ಇದರಿಂದಲೇ. ಇದಕ್ಕೆ ಟ್ಯೂಬ್ ಆರಿಸುವುದೇ ಪರಿಹಾರ. ಜುಲೈ ದಿನ ಕರೆಂಟ್ ಎರಡು ತಾಸು ಹೋಗಿತ್ತು, ಅವೇ ನಮ್ಮ ಚಿತ್ರದ ಅತ್ಯುತ್ತಮ ಎರಡು ತಾಸು.

ಯಾವುದನ್ನು ಹೊಂದಿಸಬಾರದು ಅನ್ನುವುದನ್ನೂ ತೀರ್ಮಾನಿಸಬೇಕು. ಗುಣಕದಿಂದ ಮೋಡದ ಬೆಳಕಿನ ಬಣ್ಣ ಬದಲಾಗುತ್ತದೆ, ನೆರಳಿನ ಮೆತ್ತಗೆ ಬದಲಾಗುವುದಿಲ್ಲ. ಜನವರಿಯಲ್ಲಿ ಮಗ್ಗದ ಎಳೆಗಳ ನೆರಳು ಅಕ್ಕಾರ ಮುಖದ ಮೇಲೆ ಗೆರೆ ಗೆರೆಯಾಗಿ ಬಿದ್ದಿತ್ತು, ಜುಲೈನಲ್ಲಿ ನೆರಳೇ ಇಲ್ಲ. ಕಾಂಟ್ರಾಸ್ಟ್ ಏರಿಸಿ ಅದನ್ನು ಬಿಸಿಲು ಮಾಡಲು ಹೋದರೆ ಕಣ್ಣ ಕೆಳಗೆ ಮಸಿ ಹಚ್ಚಿದಂತೆ ಆಗುತ್ತದೆ. ಹಾಗಾಗಿ ಎಡಿಟ್‌ನಲ್ಲೇ ಒಂದು ಗೆರೆ ಎಳೆದೆವು: ಮುಖ ಮತ್ತು ಕೋಣೆ ಕಾಣುವ ಶಾಟ್‌ಗಳಲ್ಲಿ ಎರಡು ದಿನ ಬೆರೆಸುವುದಿಲ್ಲ, ಬೆರಳು ಮತ್ತು ನೂಲಿನ ಕ್ಲೋಸಪ್‌ಗಳಲ್ಲಿ ಧಾರಾಳವಾಗಿ ಬೆರೆಸಬಹುದು. ಕ್ಲೋಸಪ್‌ನಲ್ಲಿ ನೆರಳಿಗಿಂತ ಬಣ್ಣವೇ ಮುಂದೆ ನಿಲ್ಲುತ್ತದೆ. ಊರುಗಳ ವ್ಯತ್ಯಾಸವನ್ನೂ ಹಂಗ ಬಿಟ್ಟೆವು. ಚಿತ್ರದ ನಡುವೆ ಕಲಘಟಗಿಯ ಬಣ್ಣದ ತೊಟ್ಟಿಲಿನ ಒಂದು ಸಣ್ಣ ಭಾಗ ಬರುತ್ತದೆ. ಅಲ್ಲಿ ಹಸಿರು ಗಿಡ, ಕೆಂಪು ಮಣ್ಣು, ಅವುಗಳ ಮೇಲಿಂದ ಪುಟಿದ ಬೆಳಕು ಮುಖಕ್ಕೆ ಬೇರೆ ಛಾಯೆ ಕೊಡುತ್ತದೆ. ನವಲಗುಂದ, ಕುಂದಗೋಳದ ಎರೆ ಹೊಲದಲ್ಲಿ ನೆಲ ಬೆಳಕನ್ನು ನುಂಗುತ್ತದೆ, ಗದ್ದದ ಕೆಳಗೆ ಕಪ್ಪು ಉಳಿಯುತ್ತದೆ. ಇವೆರಡನ್ನೂ ಒಂದೇ ಮಾಡಿದರೆ ಬಣ್ಣ ಹೊಂದಿತು, ಊರು ಹೋಯಿತು. ಅಂದಹಾಗೆ, ಇಡೀ ಚಿತ್ರಕ್ಕೆ ಕೆಜಿಎಫ್ ಹಾಗೆ ಕಂದು ಹೊಗೆಯ ಲುಕ್ ಹಾಕಿದರೆ ಎಲ್ಲ ವ್ಯತ್ಯಾಸ ಮುಚ್ಚಿಹೋಗುತ್ತದೆ ಅಂತ ನಮ್ಮಲ್ಲೇ ಒಬ್ಬ ವಾದಿಸಿದ. ಮುಚ್ಚಿಹೋಗುತ್ತದೆ ನಿಜ, ಜೊತೆಗೆ ಹಳದಿ ಹಸಿರೂ ಮುಚ್ಚಿಹೋಗುತ್ತವೆ. ಭುವನ್ ಗೌಡರ ಕ್ಯಾಮೆರಾ ಮುಂದೆ ಇದ್ದದ್ದು ಗಣಿ, ನಮ್ಮ ಮುಂದೆ ಇದ್ದದ್ದು ಜಮಖಾನ. ಲುಕ್ ಏನೇ ಇರಲಿ, ಅದು ಹೊಂದಿಸುವ ಕೆಲಸ ಮುಗಿದ ಮೇಲೆ, ಎಲ್ಲ ಶಾಟ್‌ಗೂ ಒಂದೇ ಸಲ Timeline ನಲ್ಲಿ ಬರಬೇಕು.

ಕೊನೆಗೆ ತಪಾಸಣೆ. ಒಂದು ಶಾಟ್ ಮುಗಿಸಿ, ಅದಕ್ಕೆ ಹೊಂದುವಂತೆ ಎರಡನೆಯದು, ಎರಡನೆಯದಕ್ಕೆ ಹೊಂದುವಂತೆ ಮೂರನೆಯದು ಅಂತ ಸರಪಳಿಯಂತೆ ಹೋಗುವುದು ಸಹಜ ಅನಿಸುತ್ತದೆ. ಪ್ರತಿ ಹೆಜ್ಜೆಗೂ ಒಂದೇ ದಿಕ್ಕಿಗೆ ಮೂರು ಪರ್ಸೆಂಟ್ ಜಾರಿದರೆ ಹನ್ನೆರಡು ಹೆಜ್ಜೆಗೆ 1.03 ರ ಹನ್ನೆರಡನೇ ಘಾತ, 1.43. ಅಕ್ಕಪಕ್ಕದ ಶಾಟ್‌ಗಳು ಹೊಂದಿದಂತೆಯೇ ಕಾಣುತ್ತವೆ, ಮೊದಲಿನದಕ್ಕೂ ಕೊನೆಯದಕ್ಕೂ ಸಂಬಂಧವೇ ಇರುವುದಿಲ್ಲ. ಆದ್ದರಿಂದ ಆಧಾರ ಶಾಟ್‌ನ ಸ್ಟಿಲ್ ಒಂದನ್ನು ಗ್ಯಾಲರಿಯಲ್ಲಿ ಇಟ್ಟುಕೊಂಡು, ಪ್ರತಿ ಶಾಟ್ ಮೇಲೂ ಅದನ್ನೇ ವೈಪ್ ಮಾಡಿ ಹೋಲಿಸಿದೆವು. ಹಾಸ್ಟೆಲ್ ಕೋಣೆಯ ಲ್ಯಾಪ್‌ಟಾಪಿನಲ್ಲಿ ನೈಟ್ ಲೈಟ್ ಆರಿಸಿ, ಬ್ರೈಟ್‌ನೆಸ್ ಒಂದೇ ಕಡೆ ನಿಲ್ಲಿಸಿ, ವಾಲ್‌ಪೇಪರ್ ಬೂದು ಮಾಡಿಕೊಂಡು ಕೂತೆವು. ಇಪ್ಪತ್ತು ನಿಮಿಷ ಕೆಂಪನ್ನೇ ದಿಟ್ಟಿಸಿದ ಕಣ್ಣು ಕೆಂಪಿಗೆ ದಣಿದು ಇನ್ನಷ್ಟು ಕೆಂಪು ಬೇಡುತ್ತದೆ. ಆವಾಗ ವೆಕ್ಟರ್‌ಸ್ಕೋಪ್ ನೋಡಬೇಕು, ಇಲ್ಲವೇ ಹೊರಗೆ ಹೋಗಿ ಚಹಾ ಕುಡಿದು ಬರಬೇಕು. ಎಲ್ಲ ಮುಗಿದ ಮೇಲೆ Lightbox ತೆರೆದು ಅಷ್ಟೂ ಶಾಟ್‌ಗಳನ್ನು ಅಂಚೆಚೀಟಿ ಗಾತ್ರದಲ್ಲಿ ಒಟ್ಟಿಗೆ ಹರವಿದರೆ ಹೊಂದದ ಶಾಟ್ ತಾನಾಗೇ ಎದ್ದು ಕಾಣುತ್ತದೆ. ನಮ್ಮಲ್ಲಿ ಎಪ್ಪತ್ತೆಂಟು ಶಾಟ್‌ಗಳಲ್ಲಿ ನಾಲ್ಕು ಎದ್ದವು, ಮೂರು ಟ್ಯೂಬ್ ಬೆಳಕಿನವು. ಅವನ್ನು ತೆಗೆದುಹಾಕಿದೆವು. ನಾಲ್ಕನೆಯದರ ಕೆಂಪನ್ನು ಲಡಿ ಹಿಡಿದುಕೊಂಡು ಕಿಟಕಿ ಬಳಿ ನಿಂತು, ಪರದೆ ಒಂದು ಸಲ ನೂಲು ಒಂದು ಸಲ ನೋಡುತ್ತಾ ಸರಿಮಾಡಿದೆವು. ಆ ಲಡಿ ಈಗ ಕ್ಲಬ್ಬಿನ ಕಪಾಟಿನಲ್ಲಿ ಕರಿ ಕಾಗದ ಸುತ್ತಿಕೊಂಡು ಇದೆ, ಬಿಸಿಲಿಗೆ ಬಣ್ಣ ಬಿಡಬಾರದಲ್ಲ.